‘ಕುಡಿಯಲಾರದಷ್ಟು ಬಿಸಿ’: ಟೂ, ವೆರಿ, ಇನಫ್ ತಪ್ಪಿಲ್ಲದೆ ಬರೆಯುವ ಕ್ರಮ

‘ಚಹಾ ಕುಡಿಯಕ್ಕೆ ಆಗದಷ್ಟು ಬಿಸಿ ಇದೆ.’ ಈ ಒಂದು ವಾಕ್ಯವನ್ನು ಇಂಗ್ಲಿಷಿಗೆ ತರಲು ಕೊಟ್ಟರೆ ಕಲಿಯುವವರಿಂದ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ. ‘ದ ಟೀ ಈಸ್ ವೆರಿ ಹಾಟ್ ಟು ಡ್ರಿಂಕ್’ ಎನ್ನುವುದು ಒಂದು. ‘ದ ಟೀ ಈಸ್ ಟೂ ಹಾಟ್ ದಟ್ ಐ ಕ್ಯಾನಾಟ್ ಡ್ರಿಂಕ್’ ಇನ್ನೊಂದು. ‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್ ಇಟ್’ ಮೂರನೆಯದು. ಮೂರೂ ತಪ್ಪು, ಆದರೆ ಮೂರರ ಕಾರಣ ಬೇರೆ ಬೇರೆ. ಒಂದೇ ಸೂತ್ರ ಉರು ಹೊಡೆದವರು ಒಂದು ತಪ್ಪು ತಿದ್ದಿಕೊಂಡು ಮತ್ತೊಂದಕ್ಕೆ ಬೀಳುವುದು ಇದಕ್ಕೇ. ಸರಿಯಾದ ವಾಕ್ಯ ಚಿಕ್ಕದು: ‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್.’

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಪೂರ್ತಿ ಕನ್ನಡದಲ್ಲೇ ನಡೆಯುತ್ತವೆ. ಅವನ್ನು ಹಾರಿಸಿ ನೇರ ಮೂರನೆಯದಕ್ಕೆ ಹೋದವರೇ ಹೆಚ್ಚು ಎಡವುವುದು.

## ಕೈಯಲ್ಲಿ ಏನಿರಬೇಕು

ಒಂದು ನೋಟುಬುಕ್ಕು, ಒಂದು ಪೆನ್ಸಿಲ್, ನಿಮ್ಮದೇ ದಿನದ ಮಾತಿನಿಂದ ಹೆಕ್ಕಿದ ಹತ್ತು ಕನ್ನಡ ವಾಕ್ಯ. ಪುಸ್ತಕದ ವಾಕ್ಯ ಬೇಡ, ಅಡುಗೆಮನೆ, ತೋಟ, ಬಸ್‌ಸ್ಟ್ಯಾಂಡಿನಲ್ಲಿ ನೀವು ಆಡಿದ ಮಾತೇ ಬೇಕು. ಪ್ರತಿ ವಾಕ್ಯದಲ್ಲೂ ‘ತುಂಬಾ’, ‘ಭಾರಿ’, ‘ಜಾಸ್ತಿ’, ‘ಸಾಕು’, ‘ಅಷ್ಟು’ ಇವುಗಳಲ್ಲಿ ಒಂದಾದರೂ ಇರಲಿ.

ಬರವಣಿಗೆಯ ಒಂದು ಸಂಗತಿ ಈಗಲೇ ಹೇಳಿಬಿಡಬೇಕು. ಇಲ್ಲಿ ‘ಟೂ’ ಎಂದು ದೀರ್ಘ ಹಾಕಿರುವಲ್ಲಿ ಇಂಗ್ಲಿಷಿನಲ್ಲಿ ಎರಡು ‘ಓ’ ಅಕ್ಷರ ಬರುತ್ತದೆ, ‘ಟು’ ಎಂದು ಹ್ರಸ್ವ ಇರುವಲ್ಲಿ ಒಂದೇ. ಒಂದೇ ವಾಕ್ಯದಲ್ಲಿ ಇವೆರಡೂ ಬರುವುದರಿಂದ ಅದಲುಬದಲು ಸುಲಭ. ಬಣ್ಣಿಸುವ ಪದದ ಮುಂದೆ ಎರಡು ‘ಓ’, ಕ್ರಿಯಾಪದದ ಮುಂದೆ ಒಂದು ‘ಓ’. ‘ನಾನೂ’ ಎಂಬ ಅರ್ಥದ ‘ಮೀ ಟೂ’ ಕೂಡ ಎರಡು ‘ಓ’ ಇರುವುದೇ. ಅದು ಬೇರೆ ಕೆಲಸ, ಈ ಬರಹಕ್ಕೆ ಸೇರಿದ್ದಲ್ಲ.

## ಹಂತ 1: ‘ತುಂಬಾ’ವನ್ನು ಒಡೆಯಿರಿ

ನಮ್ಮ ‘ತುಂಬಾ’ ಎರಡು ಕೆಲಸ ಮಾಡುತ್ತದೆ. ‘ಜೋಗದಲ್ಲಿ ಈಗ ನೀರು ತುಂಬಾ ಇದೆ’ ಎಂದರೆ ಪ್ರಮಾಣ ಹೆಚ್ಚು ಎಂದಷ್ಟೇ. ಅದರಿಂದ ಯಾರಿಗೂ ತೊಂದರೆ ಇಲ್ಲ, ನೋಡಲು ಹೋಗುವವರಿಗೆ ಖುಷಿಯೇ. ‘ಸಾರಿಗೆ ಉಪ್ಪು ತುಂಬಾ ಆಯ್ತು’ ಎಂದಾಗ ಅದೇ ಪದ ಮಿತಿ ಮೀರಿತು ಎನ್ನುತ್ತಿದೆ. ಕನ್ನಡಕ್ಕೆ ಈ ವ್ಯತ್ಯಾಸ ಪದದಲ್ಲಿ ಬೇಕಿಲ್ಲ, ದನಿ ಮತ್ತು ಸಂದರ್ಭ ನೋಡಿಕೊಳ್ಳುತ್ತವೆ. ಇಂಗ್ಲಿಷಿಗೆ ಪದದಲ್ಲೇ ಬೇಕು. ಪ್ರಮಾಣ ಹೆಚ್ಚು ಎನ್ನಲು ವೆರಿ, ಮಿತಿ ಮೀರಿತು ಎನ್ನಲು ಟೂ.

ಪರೀಕ್ಷೆ ಸುಲಭ. ವಾಕ್ಯದ ‘ತುಂಬಾ’ ತೆಗೆದು ಆ ಜಾಗದಲ್ಲಿ ‘ಜಾಸ್ತಿ ಆಯ್ತು’ ಅಥವಾ ‘ತೀರಾ’ ಹಾಕಿ ನೋಡಿ. ‘ಉಪ್ಪು ಜಾಸ್ತಿ ಆಯ್ತು’ ಒಪ್ಪುತ್ತದೆ, ಹಾಗಾಗಿ ಟೂ. ‘ನಿಮ್ಮ ಮಗಳು ತುಂಬಾ ಜಾಣೆ’ ಎಂಬಲ್ಲಿ ‘ಜಾಣತನ ಜಾಸ್ತಿ ಆಯ್ತು’ ಎಂದರೆ ಹೊಗಳಿಕೆ ಹೋಗಿ ಕುಟುಕು ಬರುತ್ತದೆ. ಹಾಗಾಗಿ ಅಲ್ಲಿ ವೆರಿ. ಮನೆಗೆ ಕರೆದು ಊಟ ಹಾಕಿದವರಿಗೆ ‘ದ ಫುಡ್ ವಾಸ್ ಟೂ ಸ್ಪೈಸಿ’ ಎಂದರೆ ಅವರು ಬೇಸರ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ. ಖಾರ ಇಷ್ಟವಾಯಿತು ಎನ್ನಬೇಕಿದ್ದರೆ ‘ವೆರಿ ಸ್ಪೈಸಿ’ ಎನ್ನಬೇಕಿತ್ತು.

‘ಊಟ ಟೂ ಗುಡ್’ ಎಂದು ನಮ್ಮಲ್ಲಿ ಬಾಯಿಮಾತಿಗೆ ಹೇಳುವುದು ರೂಢಿಯಾಗಿದೆ. ಗೆಳೆಯರ ನಡುವೆ ಇರಲಿ, ಬರವಣಿಗೆಗೆ ತರಬೇಡಿ.

ಅಪಾಯದ ಗುರುತು ಒಂದಿದೆ. ನಿಮ್ಮ ಟೂ ವಾಕ್ಯ ಓದಿದವರು ‘ಹಾಗಾದ್ರೆ ಏನ್ ತೊಂದ್ರೆ ಆಯ್ತು?’ ಎಂದು ಕೇಳಿದಾಗ ನಿಮ್ಮ ಬಳಿ ಉತ್ತರ ಇರಬೇಕು. ಉತ್ತರ ಇಲ್ಲದಿದ್ದರೆ ಅಲ್ಲಿ ಬೇಕಾದ್ದು ವೆರಿ.

ವೆರಿ ನೇರವಾಗಿ ಕ್ರಿಯಾಪದದ ಮುಂದೆ ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲೇ ನೆನಪಿಡಿ. ‘ನನಗೆ ಮಳೆ ತುಂಬಾ ಇಷ್ಟ’ ಎಂಬುದು ‘ಐ ವೆರಿ ಲೈಕ್ ರೇನ್’ ಆಗದು, ‘ಐ ಲೈಕ್ ರೇನ್ ವೆರಿ ಮಚ್’ ಆಗುತ್ತದೆ.

## ಹಂತ 2: ವಾಕ್ಯವನ್ನು ‘ಅಷ್ಟು’ ರೂಪಕ್ಕೆ ತನ್ನಿ

ಈ ಬರಹದ ಬೀಗದ ಕೈ ಇಲ್ಲಿದೆ. ಕನ್ನಡದಲ್ಲಿ ಒಂದು ವಿಷಯವನ್ನು ಎರಡು ವಾಕ್ಯವಾಗಿ ಹೇಳುವ ಅಭ್ಯಾಸ ಹೆಚ್ಚು. ‘ಮೂಟೆ ತುಂಬಾ ಭಾರ ಇದೆ, ಎತ್ತಕ್ಕೆ ಆಗಲ್ಲ’ ಎನ್ನುತ್ತೇವೆ. ಹೀಗೇ ಇಂಗ್ಲಿಷಿಗೆ ಇಳಿಸಿದರೆ ‘ಆಗಲ್ಲ’ ಎಂಬುದು ‘ಕ್ಯಾನಾಟ್’ ಆಗಿ ಜೊತೆಗೆ ಬಂದುಬಿಡುತ್ತದೆ. ಅದಕ್ಕೆ ಮೊದಲು ಎರಡನ್ನೂ ಒಂದಾಗಿ ಹೊಲಿಯಿರಿ: ‘ಮೂಟೆ ಎತ್ತಲಾರದಷ್ಟು ಭಾರ ಇದೆ.’

ಈಗ ‘ಅಷ್ಟು’ವಿನ ಹಿಂದೆ ಏನಿದೆ ನೋಡಿ. ‘ಎತ್ತಲಾರದ’, ‘ಎತ್ತಕ್ಕೆ ಆಗದ’ ಎಂದು ನಿಷೇಧ ಇದ್ದರೆ ಇಂಗ್ಲಿಷಿನಲ್ಲಿ ಟೂ. ‘ಎತ್ತುವ’, ‘ಎತ್ತಬಹುದಾದ’ ಎಂದು ನಿಷೇಧ ಇಲ್ಲದಿದ್ದರೆ ಇನಫ್. ‘ಎತ್ತಲಾರದಷ್ಟು ಭಾರ’ ಎಂದರೆ ‘ಟೂ ಹೆವಿ ಟು ಲಿಫ್ಟ್’. ‘ಎತ್ತುವಷ್ಟು ಹಗುರ’ ಎಂದರೆ ‘ಲೈಟ್ ಇನಫ್ ಟು ಲಿಫ್ಟ್’. ಕನ್ನಡದ ಒಂದೇ ಅಚ್ಚು, ಒಳಗಿನ ನಿಷೇಧ ಮಾತ್ರ ದಾರಿ ಬೇರೆ ಮಾಡುತ್ತದೆ.

ಇದಕ್ಕೊಂದು ಮಿತಿ ಇದೆ. ‘ಕಣ್ಣಲ್ಲಿ ನೀರು ಬರುವಷ್ಟು ಖಾರ’ ಎಂಬಲ್ಲೂ ‘ಅಷ್ಟು’ ಇದೆ, ನಿಷೇಧ ಇಲ್ಲ, ಆದರೂ ಅದು ಇನಫ್ ಅಲ್ಲ. ಕಣ್ಣಲ್ಲಿ ನೀರು ಬರಲಿ ಎಂದು ಯಾರೂ ಖಾರ ಹಾಕುವುದಿಲ್ಲ. ಅಲ್ಲಿ ‘ಅಷ್ಟು’ ಹೇಳುತ್ತಿರುವುದು ಆದ ಪರಿಣಾಮವನ್ನು. ಅದಕ್ಕೆ ‘ಸೋ ಸ್ಪೈಸಿ ದಟ್ ಮೈ ಐಸ್ ವಾಟರ್ಡ್’ ಎನ್ನಬೇಕು. ಬೇರ್ಪಡಿಸಲು ‘ಸಾಕು’ ಎಂಬ ಪದ ತಂದು ನೋಡಿ. ‘ಎತ್ತಕ್ಕೆ ಸಾಕಾಗುವಷ್ಟು ಹಗುರ’ ಎಂದು ಎಳೆದಾದರೂ ಹೇಳಬಹುದು. ‘ಕಣ್ಣೀರಿಗೆ ಸಾಕಾಗುವಷ್ಟು ಖಾರ’ ನಗೆಪಾಟಲು.

‘ಸಾಕಷ್ಟು’ ಎಂಬ ಪದವನ್ನೂ ನಂಬಬೇಡಿ. ‘ಮದುವೆಗೆ ಸಾಕಷ್ಟು ಜನ ಬಂದಿದ್ರು’ ಎಂದಾಗ ನಮ್ಮ ಮಾತಿನಲ್ಲಿ ಅದರ ಅರ್ಥ ‘ಬಹಳ ಜನ’ ಎಂದೇ ಹೊರತು ಯಾವುದೋ ಕೆಲಸಕ್ಕೆ ಬೇಕಾದಷ್ಟು ಜನ ಎಂದಲ್ಲ. ಅದು ‘ಎ ಲಾಟ್ ಆಫ್ ಪೀಪಲ್’. ಮಂಟಪ ಎತ್ತಲು ಬೇಕಾದಷ್ಟು ಜನ ಬಂದಿದ್ದರು ಎಂದಾದರೆ ಆಗ ‘ಇನಫ್ ಪೀಪಲ್’.

## ಹಂತ 3: ನಿಷೇಧವನ್ನು ಟೂ ನುಂಗಲಿ

‘ಎತ್ತಲಾರದಷ್ಟು’ ಎಂಬುದರಲ್ಲಿರುವ ‘ಆರದ’ ಇಂಗ್ಲಿಷಿಗೆ ಹೋದ ಮೇಲೆ ಎಲ್ಲಿಗೆ ಹೋಯಿತು? ಟೂ ಎಂಬ ಪದದ ಒಳಕ್ಕೆ. ಮಿತಿ ಮೀರಿತು ಎಂದ ಮೇಲೆ ಆಗಲಿಲ್ಲ ಎಂದು ಮತ್ತೆ ಹೇಳುವ ಅಗತ್ಯ ಇಲ್ಲ. ಹಾಗಾಗಿ ಟೂ ಬರೆದ ವಾಕ್ಯದಲ್ಲಿ ‘ನಾಟ್’, ‘ಕ್ಯಾನಾಟ್’ ಕಂಡರೆ ಪೆನ್ಸಿಲಿನಿಂದ ಸುತ್ತು ಹಾಕಿ. ಬಹುಪಾಲು ಅದು ಕನ್ನಡದಿಂದ ನುಸುಳಿದ ನಿಷೇಧ.

ಬರೆಯುವ ಕ್ರಮ ಹೀಗೆ. ಮೊದಲು ಯಾರು ಅಥವಾ ಯಾವುದು, ಆಮೇಲೆ ಈಸ್ ಅಥವಾ ವಾಸ್, ಆಮೇಲೆ ಟೂ, ಅದಕ್ಕಂಟಿಕೊಂಡು ಬಣ್ಣಿಸುವ ಪದ, ಕೊನೆಗೆ ಟು ಮತ್ತು ಕ್ರಿಯಾಪದದ ಮೂಲರೂಪ. ‘ಐ ವಾಸ್ ಟೂ ಟಯರ್ಡ್ ಟು ವಾಕ್.’

ಟು ಆದ ಮೇಲಿನ ಕ್ರಿಯಾಪದದಲ್ಲಿ ಎರಡು ತಪ್ಪು ಮರುಕಳಿಸುತ್ತವೆ. ನಿನ್ನೆಯ ಸಂಗತಿ ಎಂದು ಅದನ್ನೂ ಭೂತಕಾಲಕ್ಕೆ ತಂದು ‘ಟು ವಾಕ್ಡ್’ ಎಂದು ಬರೆಯುವುದು ಒಂದು. ಕಾಲವನ್ನು ‘ವಾಸ್’ ಆಗಲೇ ಹೊತ್ತಿದೆ, ಎರಡನೆಯವರು ಹೊರಬೇಕಿಲ್ಲ. ಎರಡನೆಯದು ‘ಟೂ ಹಾಟ್ ಫಾರ್ ಡ್ರಿಂಕಿಂಗ್’. ‘ಕುಡಿಯಕ್ಕೆ’, ‘ಕುಡಿಯಲಿಕ್ಕೆ’ ಎಂಬುದರ ‘ಕ್ಕೆ’ ಕಿವಿಗೆ ‘ಫಾರ್’ ಎಂದು ಕೇಳಿಸುವುದರಿಂದ ಇದು ಆಗುತ್ತದೆ. ಈ ಅಚ್ಚಿನಲ್ಲಿ ಕ್ರಿಯಾಪದದ ‘ಅಕ್ಕೆ’ಗೆ ಸಾಟಿ ‘ಟು’. ‘ಫಾರ್’ಗೆ ಬೇರೆ ಜಾಗ ಇದೆ, ಐದನೇ ಹಂತದಲ್ಲಿ ಬರುತ್ತದೆ.

ಟೂ ಆದ ಮೇಲೆ ‘ದಟ್’ ಹಾಕುವುದು ಎರಡು ಅಚ್ಚುಗಳನ್ನು ಬೆರೆಸಿದಂತೆ. ಟೂಗೆ ಜೋಡಿ ಟು, ಸೋಗೆ ಜೋಡಿ ದಟ್. ‘ಟೂ ಹೆವಿ ದಟ್’ ಎಂದು ಬರೆದಿದ್ದರೆ ಟೂ ಅನ್ನು ಸೋ ಮಾಡಿ, ಇಲ್ಲವೇ ದಟ್‌ನಿಂದ ಮುಂದಿನದನ್ನು ಹೊಡೆದುಹಾಕಿ ಟು ಹಾಕಿ.

## ಹಂತ 4: ಇನಫ್ ಎಲ್ಲಿ ಕೂರುತ್ತದೆ

ಕನ್ನಡದಲ್ಲಿ ‘ಸಾಕಷ್ಟು ದೊಡ್ಡ’ ಎನ್ನುತ್ತೇವೆ, ಅಳತೆ ಮುಂದೆ, ಗುಣ ಹಿಂದೆ. ಟೂ ಮತ್ತು ವೆರಿ ಕೂಡ ಹಾಗೇ ಮುಂದೆ ನಿಲ್ಲುತ್ತವೆ. ಇನಫ್ ಒಂದೇ ತಿರುಗುಮುರುಗು. ಬಣ್ಣಿಸುವ ಪದದ ಬೆನ್ನ ಹಿಂದೆ ಹೋಗಿ ನಿಲ್ಲುತ್ತದೆ: ‘ಬಿಗ್ ಇನಫ್’, ‘ಡ್ರೈ ಇನಫ್’, ‘ಅರ್ಲಿ ಇನಫ್’. ‘ಇನಫ್ ಬಿಗ್’ ಎಂಬುದು ಇಲ್ಲ.

ಆದರೆ ನಾಮಪದ ಬಂದರೆ ಇನಫ್ ಮುಂದಕ್ಕೆ ಬರುತ್ತದೆ: ‘ಇನಫ್ ಫೈರ್‌ವುಡ್’, ‘ಇನಫ್ ಟೈಮ್’. ಗೊಂದಲವಾದಾಗ ನೀವೇ ಕೇಳಿಕೊಳ್ಳಿ, ಇದನ್ನು ತೂಗಬಹುದೇ, ಎಣಿಸಬಹುದೇ, ‘ಎಷ್ಟಿದೆ’ ಎಂದು ಕೇಳಬಹುದೇ? ಸೌದೆ ಎಷ್ಟಿದೆ ಎಂದು ಕೇಳಬಹುದು, ಇನಫ್ ಮುಂದೆ. ಒಣ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಇನಫ್ ಹಿಂದೆ.

ಟೂಗೂ ನಾಮಪದ ಕಂಡರೆ ಆಗದು. ‘ಗದ್ದೆಯಲ್ಲಿ ನೀರು ಜಾಸ್ತಿ’ ಎಂಬುದನ್ನು ‘ಟೂ ವಾಟರ್’ ಎನ್ನುವಂತಿಲ್ಲ. ಅಳೆಯುವಂಥದ್ದಾದರೆ ‘ಟೂ ಮಚ್ ವಾಟರ್’, ಎಣಿಸುವಂಥದ್ದಾದರೆ ‘ಟೂ ಮೆನಿ ಲೀಚಸ್’. ಮಳೆಗಾಲದ ಉಂಬಳಗಳನ್ನು ಎಣಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಆದರೆ ವ್ಯಾಕರಣ ಅವನ್ನು ಎಣಿಸಬಹುದು ಎನ್ನುತ್ತದೆ.

ಇನಫ್ ಸರಿಯಾಗಿ ಕುಳಿತಿದೆಯೇ ಎಂದು ತಿಳಿಯಲು ಅದೇ ಮಾತನ್ನು ಟೂ ಬಳಸಿ ತಿರುಗಿಸಿ ಬರೆಯಿರಿ. ‘ಅಡಿಕೆ ಮಾರುವಷ್ಟು ಒಣಗಿಲ್ಲ’ ಎಂಬುದು ‘ದ ಅರೆಕಾನಟ್ಸ್ ಆರ್ ನಾಟ್ ಡ್ರೈ ಇನಫ್ ಟು ಸೆಲ್’. ತಿರುಗಿಸಿದರೆ ‘ಟೂ ವೆಟ್ ಟು ಸೆಲ್’. ಗುಣ ವಿರುದ್ಧವಾಯಿತು, ‘ನಾಟ್’ ಮಾಯವಾಯಿತು, ಅರ್ಥ ಉಳಿಯಿತು. ತಿರುಗಿಸುವಾಗ ‘ನಾಟ್’ ಉಳಿದುಕೊಂಡರೆ ಅರ್ಥ ಬುಡಮೇಲಾಗಿ ‘ನಾಟ್ ಟೂ ವೆಟ್ ಟು ಸೆಲ್’ ಎಂದಾಗುತ್ತದೆ, ಅಂದರೆ ಮಾರಬಹುದು ಎಂದು. ಒಂದು ಪದಕ್ಕೆ ಒಂದು ಚೀಲ ಅಡಿಕೆ ಮಂಡಿಗೆ ಹೋಗುವುದೋ ಮನೆಯಲ್ಲೇ ಉಳಿಯುವುದೋ ಬದಲಾಗುತ್ತದೆ.

## ಹಂತ 5: ಯಾರಿಗೆ ಆಗದು ಎನ್ನಬೇಕಾದರೆ ಫಾರ್

‘ಈ ಮೂಟೆ ಎತ್ತಲಾರದಷ್ಟು ಭಾರ’ ಎಂದರೆ ಯಾರಿಗೂ ಆಗದು ಎಂಬ ಧ್ವನಿ. ‘ಅಜ್ಜನಿಗೆ ಎತ್ತಕ್ಕೆ ಆಗದಷ್ಟು ಭಾರ’ ಎಂದು ಒಬ್ಬರ ಹೆಸರು ಬರಬೇಕಾದರೆ ಫಾರ್ ಸೇರಿಸಿ, ಅದನ್ನು ಬಣ್ಣಿಸುವ ಪದ ಮತ್ತು ಟು ನಡುವೆ ಇಡಿ: ‘ದ ಸ್ಯಾಕ್ ಈಸ್ ಟೂ ಹೆವಿ ಫಾರ್ ಗ್ರಾಂಡ್‌ಫಾದರ್ ಟು ಲಿಫ್ಟ್.’ ಇನಫ್ ಜೊತೆಗೂ ಇದೇ ಜಾಗ: ‘ಲೈಟ್ ಇನಫ್ ಫಾರ್ ಹಿಮ್ ಟು ಲಿಫ್ಟ್.’

ಕನ್ನಡದ ‘ಅಜ್ಜನಿಗೆ’ ಎಂಬುದರ ‘ಗೆ’ ಕೆಲವರ ಕೈಯಲ್ಲಿ ‘ಟು’ ಆಗಿ ‘ಟೂ ಹೆವಿ ಟು ಹಿಮ್ ಟು ಲಿಫ್ಟ್’ ಆಗುತ್ತದೆ. ವ್ಯಕ್ತಿಯ ಮುಂದೆ ಫಾರ್, ಕ್ರಿಯೆಯ ಮುಂದೆ ಟು. ಫಾರ್ ಆದ ಮೇಲೆ ‘ಹಿ’, ‘ಐ’ ಬರುವುದಿಲ್ಲ, ‘ಹಿಮ್’, ‘ಮೀ’ ಬರುತ್ತವೆ. ಈ ಹಂತದಲ್ಲಿ ಇದಕ್ಕಿಂತ ಹೆಚ್ಚಿನದು ಇಲ್ಲ.

## ಹಂತ 6: ‘ಇಟ್’ ಬೇಕೇ ಬೇಡವೇ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಟೂ, ಇನಫ್ ಸರಿಯಾಗಿ ಹಾಕಿದವರೂ ಇಲ್ಲಿ ಜಾರುತ್ತಾರೆ.

ಎರಡು ವಾಕ್ಯ ಅಕ್ಕಪಕ್ಕ ಇಡಿ. ‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್.’ ‘ಐ ಆಮ್ ಟೂ ಟಯರ್ಡ್ ಟು ಡ್ರಿಂಕ್ ಇಟ್.’ ಮೊದಲನೆಯದರಲ್ಲಿ ಇಟ್ ಇದ್ದರೆ ತಪ್ಪು. ಎರಡನೆಯದರಲ್ಲಿ ಇಟ್ ಇಲ್ಲದಿದ್ದರೆ ಏನನ್ನು ಕುಡಿಯುವುದು ಎಂಬುದೇ ತಿಳಿಯದು. ಹೊರನೋಟಕ್ಕೆ ಒಂದೇ ಅಚ್ಚು, ಒಳಗೆ ಬೇರೆ.

ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು. ವಾಕ್ಯದ ಮೊದಲಲ್ಲಿ ನಿಂತಿರುವುದು ಕೊನೆಯ ಕ್ರಿಯೆಯನ್ನು ಮಾಡುತ್ತದೆಯೋ, ಅಥವಾ ಅದಕ್ಕೆ ಒಳಗಾಗುತ್ತದೆಯೋ? ಚಹಾ ಕುಡಿಯುವುದಿಲ್ಲ, ಕುಡಿಯಲ್ಪಡುತ್ತದೆ. ಕುಡಿಯುವ ವಸ್ತು ಮೊದಲಲ್ಲೇ ಬಂದು ಕುಳಿತಿದೆ, ಕೊನೆಯಲ್ಲಿ ಅದಕ್ಕೆ ಮತ್ತೊಂದು ಮಣೆ ಹಾಕಬಾರದು. ಎರಡನೆಯದರಲ್ಲಿ ಮೊದಲಿಗೆ ನಿಂತಿರುವ ‘ನಾನು’ ಕುಡಿಯುವವನು. ಕುಡಿಯುವ ವಸ್ತು ಇನ್ನೂ ಬಂದಿಲ್ಲ, ಹಾಗಾಗಿ ಅದಕ್ಕೆ ಇಟ್ ಬೇಕು.

ಕಲಿಯುವವರು ಈ ಇಟ್ ಅನ್ನು ತರುವುದು ಬಹುಪಾಲು ಸೋ–ದಟ್ ಅಚ್ಚಿನಿಂದ. ಶಾಲೆಯ ವ್ಯಾಕರಣದಲ್ಲಿ ‘ಟೂ ತೆಗೆದು ಬರೆಯಿರಿ’ ಎಂಬ ಅಭ್ಯಾಸ ಮಾಡಿರುತ್ತಾರೆ. ಅಲ್ಲಿ ಸರಿಯುತ್ತರ ‘ದ ಟೀ ಈಸ್ ಸೋ ಹಾಟ್ ದಟ್ ಐ ಕ್ಯಾನಾಟ್ ಡ್ರಿಂಕ್ ಇಟ್’. ದಟ್ ಆದ ಮೇಲಿನದು ಸ್ವಂತ ಕಾಲ ಮೇಲೆ ನಿಲ್ಲುವ ಪೂರ್ಣ ವಾಕ್ಯ. ಅದಕ್ಕೆ ಮಾಡುವವನೂ ಬೇಕು, ಕ್ಯಾನಾಟ್ ಬೇಕು, ಇಟ್ ಕೂಡ ಬೇಕು. ಟು ಆದ ಮೇಲಿನದು ತುಂಡು. ಹಾಗಾಗಿ ಟೂನಿಂದ ಸೋಗೆ ಹೋಗುವಾಗ ನಾಲ್ಕು ಬದಲಾವಣೆ ಲೆಕ್ಕ ಮಾಡಿ: ಟೂ ಹೋಗಿ ಸೋ, ಟು ಹೋಗಿ ದಟ್ ಮತ್ತು ಮಾಡುವವನು, ಹೊಸದಾಗಿ ಕ್ಯಾನಾಟ್, ಹೊಸದಾಗಿ ಇಟ್. ಮೂಲ ವಾಕ್ಯದಲ್ಲಿ ವಾಸ್ ಇದ್ದರೆ ಕ್ಯಾನಾಟ್ ಜಾಗದಲ್ಲಿ ಕುಡ್ ನಾಟ್. ಮರಳಿ ಬರುವಾಗ ನಾಲ್ಕನ್ನೂ ಹಿಂದಕ್ಕೆ ಕೊಟ್ಟುಬಿಡಿ. ಮೂಲದಲ್ಲೇ ಮಾಡುವವನು ಮೊದಲು ನಿಂತಿದ್ದರೆ ಮಾತ್ರ ಇಟ್ ಮೊದಲಿಂದಲೂ ಇರುತ್ತದೆ, ಕೊನೆಯವರೆಗೂ ಇರುತ್ತದೆ.

ಫಾರ್ ಬಂದಾಗ ಈ ನಿಯಮ ಸ್ವಲ್ಪ ಸಡಿಲ. ‘ಟೂ ಹೆವಿ ಫಾರ್ ಮೀ ಟು ಲಿಫ್ಟ್ ಇಟ್’ ಎಂದು ಇಂಗ್ಲಿಷ್ ಮನೆಮಾತಿನವರೂ ಒಮ್ಮೊಮ್ಮೆ ಹೇಳುವುದುಂಟು. ಪರೀಕ್ಷೆಯಲ್ಲಿ ಇಟ್ ಬಿಡುವುದೇ ಕ್ಷೇಮ.

ಇಟ್ ಬಿಡಬೇಕು ಎಂದು ಕಲಿತ ಮೇಲೆ ಇನ್ನೊಂದು ತಪ್ಪು ಶುರುವಾಗುತ್ತದೆ. ಇಟ್ ಜೊತೆಗೆ ಅದರ ಹಿಂದಿದ್ದ ಪುಟ್ಟ ಪದವನ್ನೂ ಕೈಬಿಡುತ್ತಾರೆ. ‘ಕಾಲುಸಂಕ ನಡೆಯಕ್ಕೆ ಆಗದಷ್ಟು ಜಾರ್ತದೆ’ ಎಂಬಲ್ಲಿ ಕನ್ನಡಕ್ಕೆ ‘ಮೇಲೆ’ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ವಾಕ್ ಆನ್ ದ ಬ್ರಿಡ್ಜ್’ ಎನ್ನುತ್ತಾರೆ, ಹಾಗಾಗಿ ಬ್ರಿಡ್ಜ್ ಮುಂದಕ್ಕೆ ಹೋದರೂ ಆನ್ ಹಿಂದೆಯೇ ಉಳಿಯಬೇಕು: ‘ದ ಫುಟ್‌ಬ್ರಿಡ್ಜ್ ಈಸ್ ಟೂ ಸ್ಲಿಪರಿ ಟು ವಾಕ್ ಆನ್.’ ಹಾಗೇ ‘ತುಂಗೆ ಈಗ ಈಜಲಾರದಷ್ಟು ರಭಸ’ ಎಂಬುದು ‘ದ ತುಂಗಾ ಈಸ್ ಟೂ ಸ್ವಿಫ್ಟ್ ನೌ ಟು ಸ್ವಿಮ್ ಇನ್’. ‘ಬೆಂಚು ನಾಲ್ಕು ಜನ ಕೂರುವಷ್ಟು ಉದ್ದ ಇದೆ’ ಎಂಬುದು ‘ಲಾಂಗ್ ಇನಫ್ ಫಾರ್ ಫೋರ್ ಪೀಪಲ್ ಟು ಸಿಟ್ ಆನ್’.

ಪರೀಕ್ಷಿಸುವುದು ಹೀಗೆ. ವಾಕ್ಯದ ಮೊದಲ ಪದವನ್ನು ಎತ್ತಿ ಕೊನೆಗೆ ಅಂಟಿಸಿ ಓದಿ. ‘ವಾಕ್ ದ ಫುಟ್‌ಬ್ರಿಡ್ಜ್’ ಕುಂಟುತ್ತದೆ, ‘ವಾಕ್ ಆನ್ ದ ಫುಟ್‌ಬ್ರಿಡ್ಜ್’ ನಡೆಯುತ್ತದೆ. ಆನ್ ಬೇಕು ಎಂದಾಯಿತು. ‘ಕ್ರಾಸ್ ದ ಫುಟ್‌ಬ್ರಿಡ್ಜ್’ ಹಾಗೇ ನಡೆಯುತ್ತದೆ, ಅಲ್ಲಿ ಏನೂ ಬೇಡ.

## ನಿಯಮ ಬಾಗುವ ಜಾಗಗಳು

‘ವೆರಿ ಹಾಟ್ ಟು ಡ್ರಿಂಕ್’ ತಪ್ಪು ಎಂದು ಕಲಿತವರು ವೆರಿ ಆದ ಮೇಲೆ ಟು ಬರಲೇಬಾರದು ಎಂದುಕೊಂಡು ಸರಿ ಇರುವುದನ್ನೂ ಕೆಡಿಸುತ್ತಾರೆ. ಎರಡು ಗುಂಪಿನ ಪದಗಳ ಜೊತೆ ವೆರಿ ಮತ್ತು ಟು ಚೆನ್ನಾಗಿ ಹೊಂದುತ್ತವೆ. ಒಂದು, ಮನಸ್ಸಿನ ಭಾವ: ‘ವೆರಿ ಹ್ಯಾಪಿ ಟು ಸೀ ಯು’, ‘ವೆರಿ ಸಾರಿ ಟು ಹಿಯರ್ ಇಟ್’. ಎರಡು, ಕೆಲಸದ ಸುಲಭ–ಕಷ್ಟ: ‘ವೆರಿ ಈಸಿ ಟು ರೀಡ್’, ‘ವೆರಿ ಡೇಂಜರಸ್ ಟು ಕ್ರಾಸ್’. ಈ ಎರಡರಲ್ಲೂ ‘ಆಗಲಿಲ್ಲ’ ಎಂಬ ಅರ್ಥ ಇಲ್ಲ. ಆಗುಂಬೆ ಘಾಟಿ ವಾಹನ ಓಡಿಸಲು ಬಲು ಕಷ್ಟ ಎಂದರೆ ‘ವೆರಿ ಡಿಫಿಕಲ್ಟ್ ಟು ಡ್ರೈವ್’, ಕಷ್ಟಪಟ್ಟಾದರೂ ಜನ ಓಡಿಸುತ್ತಾರೆ. ‘ಟೂ ಡಿಫಿಕಲ್ಟ್’ ಎಂದರೆ ಆ ಗಾಡಿಯನ್ನು ತೀರ್ಥಹಳ್ಳಿಯಲ್ಲೇ ನಿಲ್ಲಿಸಿದರು ಎಂದು ಅರ್ಥ.

ಟೂ ಇದ್ದೂ ನಿಷೇಧ ಇಲ್ಲದ ಮಾತೂ ಒಂದಿದೆ: ‘ಓನ್ಲಿ ಟೂ ಗ್ಲಾಡ್ ಟು ಹೆಲ್ಪ್.’ ಸಹಾಯ ಮಾಡಲು ಬಹಳ ಸಂತೋಷ ಎಂದೇ ಅರ್ಥ. ಇದು ಹಾಗೇ ನಿಂತ ನುಡಿಗಟ್ಟು. ಓದುವಾಗ ಗುರುತಿಸಿದರೆ ಸಾಕು, ಇದನ್ನು ಸೋ–ದಟ್‌ಗೆ ತಿರುಗಿಸಲು ಹೋಗಬೇಡಿ.

## ಹಂತ 7: ಒಂದು ಪ್ಯಾರಾ ತಿದ್ದಿ ನೋಡುವುದು

ನವೆಂಬರ್‌ನಲ್ಲಿ ಅಡಿಕೆ ಒಣಗಲು ಹಾಕಿದಾಗ ಸುರಿದ ಅಕಾಲ ಮಳೆಯ ಬಗ್ಗೆ ಕಲಿಯುವವರೊಬ್ಬರು ಬರೆದಂಥ ಆರು ವಾಕ್ಯ ತೆಗೆದುಕೊಳ್ಳೋಣ.

‘ದ ರೇನ್ ವಾಸ್ ಟೂ ಹೆವಿ ಯೆಸ್ಟರ್‌ಡೇ. ದ ಫುಟ್‌ಬ್ರಿಡ್ಜ್ ವಾಸ್ ವೆರಿ ಸ್ಲಿಪರಿ ಟು ಕ್ರಾಸ್ ಇಟ್. ಮೈ ಬ್ರದರ್ ವಾಸ್ ಟೂ ಸ್ಮಾಲ್ ದಟ್ ಕಾಂಟ್ ಕ್ರಾಸ್ ಅಲೋನ್. ವಿ ಹ್ಯಾಡ್ ನಾಟ್ ಅಂಬ್ರೆಲ್ಲಾಸ್ ಇನಫ್ ಟು ಆಲ್. ದ ಅರೆಕಾನಟ್ಸ್ ವರ್ ನಾಟ್ ಇನಫ್ ಡ್ರೈ ಫಾರ್ ಸೆಲ್ಲಿಂಗ್. ಗ್ರಾಂಡ್‌ಮದರ್ ವಾಸ್ ಟೂ ಹ್ಯಾಪಿ ಟು ಸೀ ದ ಸನ್.’

ಮೊದಲ ವಾಕ್ಯಕ್ಕೆ ಹಂತ 1. ಮಳೆ ಜೋರಿತ್ತು ಎಂದಷ್ಟೇ ಹೇಳಬೇಕಿದೆ, ತೊಂದರೆಗಳು ಮುಂದಿನ ವಾಕ್ಯಗಳಲ್ಲಿವೆ. ಹಾಗಾಗಿ ‘ವೆರಿ ಹೆವಿ’.

ಎರಡನೆಯದಕ್ಕೆ ಹಂತ 2. ಮನಸ್ಸಿನಲ್ಲಿದ್ದ ಕನ್ನಡ ‘ಸಂಕ ದಾಟಕ್ಕೆ ಆಗದಷ್ಟು ಜಾರ್ತಿತ್ತು’. ‘ಆಗದಷ್ಟು’ ಇದೆ, ಹಾಗಾಗಿ ಟೂ. ಹಂತ 6ರ ಪ್ರಶ್ನೆ ಹಾಕಿ: ಸಂಕ ದಾಟುತ್ತದೆಯೇ? ಇಲ್ಲ, ಅದನ್ನು ದಾಟುತ್ತಾರೆ. ಇಟ್ ತೆಗೆಯಿರಿ. ‘ದ ಫುಟ್‌ಬ್ರಿಡ್ಜ್ ವಾಸ್ ಟೂ ಸ್ಲಿಪರಿ ಟು ಕ್ರಾಸ್.’

ಮೂರನೆಯದು ಎರಡನೆಯದರ ಕನ್ನಡಿ. ಟೂ ಜೊತೆ ದಟ್ ಬಂದಿದೆ, ಹೊಡೆದುಹಾಕಿ. ಈಗ ಮೊದಲಲ್ಲಿ ನಿಂತವನು ತಮ್ಮ, ದಾಟುವವನೂ ಅವನೇ, ಆದ್ದರಿಂದ ಇಟ್ ಬೇಕು. ವಯಸ್ಸಿನ ಮಾತಾದ್ದರಿಂದ ‘ಸ್ಮಾಲ್’ ಬದಲು ‘ಯಂಗ್’ ಒಳ್ಳೆಯದು. ‘ಮೈ ಬ್ರದರ್ ವಾಸ್ ಟೂ ಯಂಗ್ ಟು ಕ್ರಾಸ್ ಇಟ್ ಅಲೋನ್.’ ಒಂದೇ ಕ್ರಿಯಾಪದ, ಒಂದೇ ಸಂಕ, ಒಂದರಲ್ಲಿ ಇಟ್ ಇಲ್ಲ, ಇನ್ನೊಂದರಲ್ಲಿ ಇದೆ. ಈ ಎರಡು ವಾಕ್ಯಗಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ನಾಲ್ಕನೆಯದರಲ್ಲಿ ಕೊಡೆ ನಾಮಪದ, ಇನಫ್ ಮುಂದಕ್ಕೆ ಬರಬೇಕು. ‘ಎಲ್ಲರಿಗೂ’ ಎಂಬುದು ವ್ಯಕ್ತಿ, ಅದಕ್ಕೆ ಫಾರ್. ಕೊನೆಯಲ್ಲಿ ಕ್ರಿಯಾಪದವೇ ಇಲ್ಲದ್ದರಿಂದ ಟು ಬೇಡ. ‘ವಿ ಡಿಡ್ ನಾಟ್ ಹ್ಯಾವ್ ಇನಫ್ ಅಂಬ್ರೆಲ್ಲಾಸ್ ಫಾರ್ ಎವ್ರಿಒನ್.’

ಐದನೆಯದರಲ್ಲಿ ಒಣ ಎಂಬುದು ಗುಣ, ಇನಫ್ ಹಿಂದಕ್ಕೆ. ‘ಮಾರಕ್ಕೆ’ ಎಂಬುದು ಕ್ರಿಯೆ, ಅದಕ್ಕೆ ಟು. ‘ದ ಅರೆಕಾನಟ್ಸ್ ವರ್ ನಾಟ್ ಡ್ರೈ ಇನಫ್ ಟು ಸೆಲ್.’ ನಾಲ್ಕು ಮತ್ತು ಐದು ಒಟ್ಟಿಗೆ ತಪ್ಪಿದ್ದರೆ ಬರೆದವರು ಇನಫ್‌ನ ಎರಡು ಜಾಗಗಳನ್ನು ಅದಲುಬದಲು ಮಾಡಿಕೊಂಡಿದ್ದಾರೆ ಎಂದು ತಿಳಿಯಬಹುದು. ಅಂಥವರು ಹಂತ 4ರ ‘ಎಷ್ಟಿದೆ’ ಪ್ರಶ್ನೆಯನ್ನು ಹತ್ತು ಪದಗಳ ಮೇಲೆ ಹಾಕಿ ನೋಡಬೇಕು.

ಆರನೆಯದರಲ್ಲಿ ಅಜ್ಜಿಯ ಖುಷಿಗೆ ಟೂ ಹಾಕಿದ್ದರಿಂದ, ಖುಷಿ ಹೆಚ್ಚಾಗಿ ಬಿಸಿಲು ನೋಡಲೇ ಆಗಲಿಲ್ಲ ಎಂಬ ವಿಚಿತ್ರ ಅರ್ಥ ಬಂದಿದೆ. ಭಾವದ ಪದ, ಆಗಲಿಲ್ಲ ಎಂಬ ಮಾತಿಲ್ಲ, ಹಾಗಾಗಿ ವೆರಿ: ‘ಗ್ರಾಂಡ್‌ಮದರ್ ವಾಸ್ ವೆರಿ ಹ್ಯಾಪಿ ಟು ಸೀ ದ ಸನ್.’ ಇಲ್ಲಿ ನೋಡುವವರು ಅಜ್ಜಿ, ನೋಡುವ ವಸ್ತು ‘ದ ಸನ್’ ತನ್ನ ಜಾಗದಲ್ಲೇ ಇದೆ, ಕೊನೆಯಲ್ಲಿ ಮುಟ್ಟುವಂಥದ್ದು ಏನೂ ಇಲ್ಲ.